ಅನುವಾದಕರೇ ಬರೆಯಲಿ

ಆ ಕಾಗದ ಬರೆದವಳು ನಾನು, ಸಹಿ ಹಾಕಿದವರು ಪ್ರೆಸ್ಸಿನ ಮಾಲೀಕರು. ಇಷ್ಟು ವರ್ಷಗಳಾದ ಮೇಲೂ ಅದರ ನೆನಪಾದರೆ ಬಾಯಲ್ಲಿ ಹಾಗಲಕಾಯಿ ಜಗಿದಂತಾಗುತ್ತದೆ.

ನಾನು ಆಗ ಚನ್ನಗಿರಿಯ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದೆ. ನಮ್ಮ ಮನೆ ಹೊಲಿಗೆಯವರ ಮನೆ. ಬೀದಿಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಸೋದರಮಾವ ಕೊಲ್ಹಾಪುರದಿಂದ ತಂದುಕೊಟ್ಟ ಒಂದು ಮರಾಠಿ ಕಾದಂಬರಿ ನನ್ನ ಕೈ ಸೇರಿತ್ತು. ಹೊಲಿಗೆ ಮಷೀನಿನ ಮೇಲೆಯೇ ಮೂವರು ಮಕ್ಕಳನ್ನು ಸಾಕಿದ ಒಬ್ಬ ವಿಧವೆಯ ಕಥೆ. ಓದುತ್ತ ಓದುತ್ತ ಅದನ್ನು ಕನ್ನಡಕ್ಕೆ ಮಾಡಬೇಕೆಂಬ ಹುಚ್ಚು ಹಿಡಿಯಿತು. ಸಂಜೆ ಪಾತ್ರೆ ತೊಳೆದ ಮೇಲೆ ಬರೆಯಲು ಕೂರುತ್ತಿದ್ದೆ. ಅವ್ವ ಗುಂಡಿ ಹೊಲಿಯುತ್ತ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಮೂರು ವರ್ಷ ಹೀಗೇ ನಡೆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನಗೆ ಆ ಕಟ್ಟು ಹಾಗಿತ್ತು. ಅದು ನನ್ನ ಹೆಸರಿನಲ್ಲಿ ಪುಸ್ತಕವಾಗಬೇಕು. ಇದಕ್ಕಿಂತ ದೊಡ್ಡ ಆಸೆ ನನಗೆ ಆ ಹೊತ್ತಿಗೆ ಇರಲಿಲ್ಲ, ಮುಂದೆಯೂ ಹುಟ್ಟಲಿಲ್ಲ.

ಊರಲ್ಲಿ ಪುಸ್ತಕ ಅಚ್ಚು ಹಾಕುವವರು ಒಬ್ಬರೇ ಇದ್ದರು. ಅಡಿಕೆ ಮಂಡಿಗಳ ಬಿಲ್ಲು ಪುಸ್ತಕ, ಲಗ್ನಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್ಲು, ಇವು ಅವರ ಅನ್ನ. ವರ್ಷಕ್ಕೆ ಒಂದೆರಡು ಪುಸ್ತಕ ತಂದು ಗ್ರಂಥಾಲಯಗಳಿಗೆ ಮಾರುವುದು ಅವರ ಶೋಕಿ. ಹಣೆ ತುಂಬ ವಿಭೂತಿ, ಬೆರಳ ತುಂಬ ಮಸಿ. ನಾನು ಕಟ್ಟನ್ನು ಅವರ ಮೇಜಿನ ಮೇಲಿಟ್ಟಾಗ ತೂಕ ನೋಡುವಂತೆ ಕೈಯಲ್ಲಿ ಎತ್ತಿ ನೋಡಿದರು.

"ಎಷ್ಟು ಫಾರಂ ಆಗ್ತೈತ್ರಿ ಅಕ್ಕೋರೆ? ಹದಿನಾರು ಪುಟಕ್ಕೆ ಒಂದು ಫಾರಂ."

"ಮೊದಲು ಲೇಖಕರ ಅನುಮತಿ ಬೇಕಲ್ರೀ ಅಣ್ಣಾರೆ."

"ಅದೇನ್ ದೊಡ್ಡ ಮಾತ್ರಿ, ಒಂದು ಕಾಗದ ಹಾಕಿದ್ರೆ ಆತು. ನನಗೆ ಮರಾಠಿ ಬರಾಕಿಲ್ಲ, ನೀವೇ ಬರೀರಿ."

ಅನುವಾದ ಮುಗಿಸಿ ಆಮೇಲೆ ಅನುಮತಿ ಕೇಳುವುದು ಮದುವೆ ಮುಗಿಸಿ ಹೆಣ್ಣು ನೋಡಲು ಹೋದ ಹಾಗೆ ಅಂತ ಗೊತ್ತಿತ್ತು. ಆದರೂ ಪ್ರೆಸ್ಸಿನ ಲೆಟರ್‌ಹೆಡ್ಡಿನ ಮೇಲೆ, ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಮರಾಠಿಯಲ್ಲಿ ಬರೆದೆ. ಈ ಕಾದಂಬರಿಯನ್ನು ಪುಸ್ತಕರೂಪದಲ್ಲಿ ಕನ್ನಡಕ್ಕೆ ತರುವ ಹಕ್ಕು ಮಾತ್ರ ಬೇಕು. ಮೊದಲ ಮುದ್ರಣ ಸಾವಿರ ಪ್ರತಿ, ಅದಕ್ಕೆ ಒಟ್ಟು ಸಂಭಾವನೆ ಮುನ್ನೂರು ರೂಪಾಯಿ. ಅರ್ಧ ದುಡ್ಡು ಒಪ್ಪಿಗೆ ಬಂದ ಕೂಡಲೇ, ಉಳಿದರ್ಧ ಪುಸ್ತಕ ಹೊರಬಂದಾಗ. ಅವಧಿ ಪ್ರಕಟವಾದ ದಿನದಿಂದ ಐದು ವರ್ಷ, ಆಮೇಲೆ ಹಕ್ಕು ಲೇಖಕರಿಗೇ ವಾಪಸು. ಒಂದು ವರ್ಷದೊಳಗೆ ಪುಸ್ತಕ ಬರದಿದ್ದರೆ ಅನುಮತಿ ತಾನಾಗಿಯೇ ರದ್ದು. ಹೊದಿಕೆಯ ಮೇಲೂ ಒಳಪುಟದಲ್ಲೂ ಲೇಖಕರ ಹೆಸರು, ಮೂಲ ಕೃತಿಯ ಹೆಸರು.

"ಅನುವಾದಕರ ಹೆಸರು?" ಎಂದೆ.

"ನಿಮ್ದೇ ರೀ, ಮತ್ಯಾರ್ದು? ಹಾಕ್ರಿ ಹೊದಿಕೆ ಮ್ಯಾಲೆ."

ಹಾಕಿದೆ. ನನ್ನ ಹೆಸರು ಬರೆಯುವಾಗ ಅಕ್ಷರ ಸ್ವಲ್ಪ ದೊಡ್ಡದಾಯಿತು. ಅವರು ಅಡಿಯಲ್ಲಿ ಕನ್ನಡದಲ್ಲಿ ಸಹಿ ಮಾಡಿ ಮೊಹರು ಒತ್ತಿದರು. ಎರಡು ಪ್ರತಿ ಕಳಿಸಿದೆವು. ಲೇಖಕರು ಒಂದರ ಮೇಲೆ ಒಪ್ಪಿಗೆಯೆಂದು ಬರೆದು ಸಹಿ ಹಾಕಿ ವಾಪಸು ಕಳಿಸಿದರು. ಅನುವಾದದ ಹಕ್ಕು ತಮ್ಮಲ್ಲೇ ಇದೆ, ತಮ್ಮ ಪ್ರಕಾಶಕರಿಗೆ ಕೊಟ್ಟಿರುವುದು ಮರಾಠಿ ಮುದ್ರಣದ ಹಕ್ಕು ಮಾತ್ರ ಎಂದೂ ಸೇರಿಸಿದ್ದರು. ಮಾಲೀಕರು ನೂರೈವತ್ತು ರೂಪಾಯಿ ಮನಿಯಾರ್ಡರ್ ಮಾಡಿದರು. ಅಷ್ಟರ ಮಟ್ಟಿಗೆ ಮನುಷ್ಯ ನೆಟ್ಟಗಿದ್ದರು, ಸುಳ್ಳು ಹೇಳಬಾರದು.

ಕೆಟ್ಟಿದ್ದು ಕಾಗದದ ಬೆಲೆ ಏರಿದಾಗ. ರೀಮುಗಳಿಗೆ ದುಡ್ಡು ಸಾಲದೆ ಅವರು ಒಬ್ಬ ಅಡಿಕೆ ಮಂಡಿ ಸಾಹುಕಾರರ ಬಳಿ ಹೋದರು. ಸಾಹುಕಾರರಿಗೆ ಪುಸ್ತಕವೆಂದರೆ ಖಾತೆ ಪುಸ್ತಕ ಅಷ್ಟೇ. ಆದರೆ ಅವರಿಗೊಬ್ಬ ಅಳಿಯ ಇದ್ದ. ಕನ್ನಡ ಎಂ.ಎ., ಎರಡು ಇಂಟರ್‌ವ್ಯೂ ಆಗಿದ್ದರೂ ಲೆಕ್ಚರರ್ ಕೆಲಸ ಸಿಕ್ಕಿರಲಿಲ್ಲ. ಪ್ರಕಟವಾದ ಒಂದು ಪುಸ್ತಕವಿದ್ದರೆ ತೂಕ ಬರುತ್ತದೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಮಾತಾಗಿದ್ದು ಹೀಗೆ: ಅಚ್ಚಿನ ಕಾಗದ ಪೂರ್ತಿ ಸಾಹುಕಾರರದು, ಅನುವಾದಕನೆಂದು ಹೆಸರು ಅಳಿಯನದು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎನ್ನುತ್ತಾರೆ. ಇಲ್ಲಿ ದುಡ್ಡು ಅವರದೇ, ಜಾತ್ರೆಗೆ ಮಾತ್ರ ನನ್ನ ಮೂರು ವರ್ಷ ಬೇಕಾಗಿತ್ತು.

ಇದನ್ನು ನನಗೆ ಹೇಳಿದ ರೀತಿ ಕೇಳಿ. ಪ್ರೆಸ್ಸಿಗೆ ಕರೆಸಿ, ಕುರ್ಚಿ ಒರೆಸಿ ಕೂರಿಸಿ, ಎದುರಿನ ಹೋಟೆಲಿನಿಂದ ಚಾ ತರಿಸಿದರು. ಮಾಮೂಲಿಗಿಂತ ಹೆಚ್ಚು ಸಕ್ಕರೆ ಹಾಕಿಸಿದ ಚಾ. ಅಳಿಯನೂ ಅಲ್ಲೇ ಕೂತಿದ್ದ. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ನನ್ನನ್ನು ನೋಡಿ ಎದ್ದು ನಿಂತು ಕೈಮುಗಿದ. ಆ ಮರ್ಯಾದೆ ನೋಡಿಯೇ ನನಗೆ ವಾಸನೆ ಹೊಡೆಯಿತು.

"ನೀವು ಹೆಂಗೂ ಸರ್ಕಾರಿ ನೌಕರಿಯಾಗೆ ಅದೀರಿ, ಅಕ್ಕೋರೆ," ಎಂದರು ಮಾಲೀಕರು. "ನಿಮಗೆ ಹೆಸರಿನ ಅಗತ್ಯ ಏನೈತೆ? ಪಾಪ, ಇವರಿಗೆ ಒಂದು ದಾರಿ ಆಗ್ತೈತೆ. ಮುನ್ನುಡಿಯಾಗೆ ನಿಮ್ಮ ಸಹಾಯ ನೆನೀತಾರೆ."

"ಸಹಾಯ ಏನ್ರೀ?"

"ಅಂದ್ರೆ, ಪ್ರತಿ ತಯಾರು ಮಾಡಾಕೆ..."

ಬರೆದವಳೇ ಬರೆಯಲು ಸಹಾಯ ಮಾಡಿದ್ದಾಳಂತೆ. ಅಳಿಯ ಚಾ ಲೋಟದೊಳಗೆ ನೋಡುತ್ತಿದ್ದ. ಒಂದು ಪುಟವನ್ನಾದರೂ ಓದಿದ್ದೀರಾ ಎಂದು ಕೇಳಿದೆ. ಓದ್ತೀನ್ರಿ, ಅಚ್ಚಾಗ್ಲಿ ಎಂದ.

ಇಷ್ಟಕ್ಕೇ ನಿಲ್ಲಲಿಲ್ಲ. ಮಾಲೀಕರು ಮೇಜಿನ ಡ್ರಾಯರಿನಿಂದ ಹೊಸ ಲೆಟರ್‌ಹೆಡ್ಡು ತೆಗೆದು ನನ್ನ ಮುಂದಿಟ್ಟರು, ಪೆನ್ನಿನ ಮುಚ್ಚಳವನ್ನೂ ತಾವೇ ತೆಗೆದುಕೊಟ್ಟರು. ಲೇಖಕರು ಸಹಿ ಹಾಕಿದ ಕಾಗದದಲ್ಲಿ ನನ್ನ ಹೆಸರಿತ್ತಲ್ಲ, ಅದನ್ನು ಬದಲಿಸಿ ಅಂತ ಅವರಿಗೆ ಬರೆಯಬೇಕಂತೆ. ಮರಾಠಿಯಲ್ಲಿ ಬರೆಯುವವರು ಬೇರೆ ಯಾರೂ ಇಲ್ಲವಂತೆ. ನನ್ನ ಹೆಸರು ಹೊಡೆದು ಹಾಕುವ ಕಾಗದವನ್ನು ನಾನೇ ಬರೆಯಬೇಕು. ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಕಂಡಿದ್ದೆ. ತಳ್ಳಲಿಕ್ಕೆ ತಾಯಿಯನ್ನೇ ಕರೆಸುವವರನ್ನು ಅಂದೇ ಕಂಡೆ.

"ನಾನ್ಯಾಕೆ ಬರೀಲಿ?" ಎಂದೆ. "ಅನುವಾದಕರೇ ಇಲ್ಲಿ ಕೂತಾರಲ್ಲ. ಮರಾಠಿ ಕಾದಂಬರಿ ಇಡೀ ಕನ್ನಡಕ್ಕೆ ಮಾಡಿದೋರಿಗೆ ಒಂದು ಕಾಗದ ಬರೆಯಾಕೆ ಬರಲ್ವಾ?"

ಕೈಬರಹದ ಕಟ್ಟು ವಾಪಸು ಕೊಡಿ ಎಂದೆ. ಕಂಪೋಸಿಂಗಿಗೆ ಕೊಟ್ಟೈತೆ, ಮೊಳೆ ಜೋಡಿಸೋರಿಗೆ ಹರಿದು ಹಂಚಿಬಿಟ್ಟೈತೆ ಎಂದರು. ಹಂಚಿರಲಿಲ್ಲ. ಕಪಾಟಿನ ಮೇಲೆ ಅದರ ಕೆಂಪು ದಾರ ನನಗೆ ಕಾಣುತ್ತಿತ್ತು. ಜಗಳಕ್ಕೆ ನಿಂತರೆ ಸ್ಕೂಲಿನವರೆಗೂ ಸುದ್ದಿ ಹೋಗುತ್ತದೆ, ಹೆಣ್ಣುಮಗಳು ಪ್ರೆಸ್ಸಿನಲ್ಲಿ ಕೂಗಾಡಿದಳಂತೆ ಎಂದು. ಚಾ ಹಾಗೇ ಬಿಟ್ಟು ಎದ್ದು ಬಂದೆ. ಅವ್ವ ಕೇಳಿ, "ಅವನ ಕೈ ಸೇದಿಹೋಗ," ಎಂದು ಶಾಪ ಹಾಕಿ ಮತ್ತೆ ಗುಂಡಿ ಹೊಲಿಯತೊಡಗಿದಳು.

ಆಮೇಲೆ ನಡೆದದ್ದು ಪ್ರೆಸ್ಸಿನ ಮಾಲೀಕರೇ ಹೇಳಿದ್ದು. ಅಳಿಯನಿಗೆ ಹೈಸ್ಕೂಲಿನ ಹಿಂದಿ ಅಲ್ಪಸ್ವಲ್ಪ ನೆನಪಿತ್ತು. ಎರಡೂ ಒಂದೇ ಲಿಪಿ, ಒಂದೇ ಗೆರೆ ಮೇಲೆ ನೇತಾಡುವ ಅಕ್ಷರ, ಹಾಗಾಗಿ ಎರಡೂ ಹೆಚ್ಚುಕಡಿಮೆ ಒಂದೇ ಭಾಷೆ ಎಂದು ತಿಳಿದಿದ್ದ ಪುಣ್ಯಾತ್ಮ. ಕೂತು ಹಿಂದಿಯಲ್ಲಿ ಕಾಗದ ಬರೆದ. ತಮ್ಮ ಕಾದಂಬರಿಯನ್ನು ಮರಾಠಿಯಿಂದ ಅನುವಾದಿಸಿದವನು ನಾನೇ, ಮೊದಲಿನ ಕಾಗದದಲ್ಲಿ ಬೇರೆ ಹೆಸರು ಕಣ್ತಪ್ಪಿನಿಂದ ಬಿದ್ದಿದೆ, ಒಪ್ಪಿಗೆ ಕೊಡಬೇಕು ಎಂದು. ಮಾಲೀಕರು ಅದಕ್ಕೂ ಸಹಿ ಹಾಕಿ ಮೊಹರು ಒತ್ತಿದರು.

ಲೇಖಕರ ಉತ್ತರ ಒಂದು ಕಾರ್ಡಿನಲ್ಲಿ ಬಂತು. ಮರಾಠಿಯಲ್ಲಿ. ಓದುವವರು ಯಾರು? ಮಾಲೀಕರು ಅದನ್ನು ಜೇಬಿನಲ್ಲಿಟ್ಟುಕೊಂಡು ಸಾಯಂಕಾಲ ನಮ್ಮ ಮನೆಗೇ ಬಂದರು. ನಾಚಿಕೆ ಅನ್ನುವುದನ್ನು ಪ್ರೆಸ್ಸಿನಲ್ಲೇ ಬೀಗ ಹಾಕಿ ಬಂದಿದ್ದರೋ ಏನೋ.

"ಸ್ವಲ್ಪ ಓದಿ ಹೇಳ್ರಿ ಅಕ್ಕೋರೆ, ಏನ್ ಬರ್ದಾರೆ?"

ನಿಂತೇ ಓದಿದೆ, ಓದುತ್ತಲೇ ಕನ್ನಡದಲ್ಲಿ ಹೇಳಿದೆ. ನನ್ನ ಮರಾಠಿಯನ್ನು ಅನುವಾದಿಸಿದವರು ನನಗೆ ಹಿಂದಿಯಲ್ಲಿ ಕಾಗದ ಬರೆಯುವುದು ವಿಚಿತ್ರವಾಗಿದೆ. ನಾನು ಒಪ್ಪಿಗೆ ಕೊಟ್ಟಿದ್ದು ಮೊದಲ ಕಾಗದಕ್ಕೆ, ಅದರಲ್ಲಿದ್ದ ಹೆಸರಿಗೆ. ಆ ಹೆಸರಿನಲ್ಲೇ ಪುಸ್ತಕ ಬರಲಿ. ಇಲ್ಲವಾದರೆ ಅನುಮತಿ ಇಲ್ಲ, ನಿಮ್ಮ ನೂರೈವತ್ತು ರೂಪಾಯಿ ವಾಪಸು ಕಳಿಸುತ್ತೇನೆ.

ಮಾಲೀಕರ ಮುಖ ಸಣ್ಣಗಾಯಿತು. "ಹಂಗೇ ಐತಾ? ಖರೇನಾ?"

"ಅನುಮಾನ ಇದ್ರೆ ನಿಮ್ಮ ಅನುವಾದಕರ ಹತ್ರ ಓದಿಸಿ ನೋಡ್ರಿ."

ಒಳಗಿನಿಂದ ಅವ್ವ ನಕ್ಕಿದ್ದು ಕೇಳಿಸಿತು. ನನಗೂ ಒಂದು ಗಳಿಗೆ ಗೆದ್ದೆನೆನಿಸಿತು. ಆದರೆ ಗೆದ್ದು ಬಂದಿದ್ದೇನು? ಅಳಿಯನ ಹೆಸರಿಲ್ಲದ ಮೇಲೆ ಕಾಗದ ಯಾಕೆ ಎಂದು ಸಾಹುಕಾರರು ರೀಮುಗಳನ್ನು ಮಂಡಿಗೆ ಹೊರಿಸಿಕೊಂಡು ಹೋದರು. ನಿಮ್ಮ ಹಟದಿಂದ ಒಂದು ಒಳ್ಳೆ ಪುಸ್ತಕ ಕೆಟ್ಟಿತು ಎಂದು ಮಾಲೀಕರು ಊರೆಲ್ಲ ಹೇಳಿದರು. ನಾನೇ ಬರೆದ ಷರತ್ತಿನಂತೆ ವರ್ಷ ತುಂಬಿ ಅನುಮತಿ ರದ್ದಾಯಿತು. ಆಮೇಲೆ ಕೆಂಪು ದಾರದ ಕಟ್ಟು ಮನೆಗೆ ಬಂತು. ಮೊದಲ ಪುಟದಲ್ಲಿ ನನ್ನ ಹೆಸರಿನ ಮೇಲೆ ಬೇರೆ ಹೆಸರಿನ ಚೀಟಿ ಅಂಟಿಸಿತ್ತು. ಕಿತ್ತರೆ ನನ್ನ ಹೆಸರೂ ಜೊತೆಗೇ ಕಿತ್ತು ಬಂತು. ಬೇರೆ ಇಬ್ಬರು ಪ್ರಕಾಶಕರಿಗೆ ಬರೆದೆ. ಒಬ್ಬರು ಉತ್ತರಿಸಲಿಲ್ಲ, ಇನ್ನೊಬ್ಬರು ಕಾಗದದ ಖರ್ಚು ನೀವೇ ಹಾಕಿಕೊಳ್ಳಿ ಎಂದರು. ಕಟ್ಟು ಟ್ರಂಕು ಸೇರಿತು.

ಅಳಿಯನಿಗೆ ಕೆಲಸ ಮಾತ್ರ ಸಿಕ್ಕಿತು. ಪುಸ್ತಕ ಅಚ್ಚಿನಲ್ಲಿದೆ ಎಂದು ಲೆಟರ್‌ಹೆಡ್ಡಿನ ಮೇಲೆ ಒಂದು ಸರ್ಟಿಫಿಕೇಟನ್ನು ಮಾಲೀಕರು ಮೊದಲೇ ಬರೆದುಕೊಟ್ಟಿದ್ದರಂತೆ. ಮೊಹರು ಒತ್ತಿಯೇ ಕೊಟ್ಟಿರಬೇಕು.

ಎಂಟು ಹತ್ತು ವರ್ಷ ಕಳೆಯಿತು. ಅವ್ವ ಹೋದಳು. ಲೇಖಕರೂ ತೀರಿಕೊಂಡ ಸುದ್ದಿ ಮಾವನಿಂದ ಗೊತ್ತಾಯಿತು. ನನಗೆ ನ್ಯಾಮತಿಗೆ ವರ್ಗವಾಗಿತ್ತು. ಒಂದು ಶನಿವಾರ ಹೊನ್ನಾಳಿ ಬಸ್‌ ಸ್ಟ್ಯಾಂಡಿನಲ್ಲಿ ಸಾಸ್ವೆಹಳ್ಳಿ ಮೇಲೆ ಚನ್ನಗಿರಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ದಪ್ಪಗಿನ ಮನುಷ್ಯ ಕೈಮುಗಿಯುತ್ತ ಬಂದ. ಜೇಬಿನಲ್ಲಿ ಎರಡು ಪೆನ್ನು ಕಂಡ ಮೇಲೆ ಗುರುತು ಹತ್ತಿತು.

"ಅಕ್ಕೋರೆ, ಹೆಂಗದೀರಿ? ನಮ್ಮ ಪುಸ್ತಕ ಕಡೀಗೂ ಬರಲೇ ಇಲ್ಲ ನೋಡ್ರಿ."

ನಮ್ಮ ಪುಸ್ತಕ! ಉಗಿಯಬೇಕೆನಿಸಿತು. ಎಲೆ ಅಡಿಕೆಯ ರೂಢಿ ಇದ್ದಿದ್ದರೆ ಉಗಿದೇಬಿಡುತ್ತಿದ್ದೆನೇನೋ. ಅವನು ಹತ್ತಿರ ಬಂದು ದನಿ ತಗ್ಗಿಸಿದ.

"ಪ್ರಮೋಷನ್ ಇಂಟರ್‌ವ್ಯೂ ಐತ್ರಿ ಮುಂದಿನ ವಾರ. ಅರ್ಜಿಯಾಗೆ ಆ ಪುಸ್ತಕ ನನ್ನ ಹೆಸರಿನಾಗೆ ಹಂಗೇ ಉಳಿದುಬಿಟ್ಟೈತೆ. ಯಾರಾದ್ರೂ ಕೇಳಿದ್ರೆ ಹೇಳಾಕೆ ಬೇಕಲ್ರಿ. ಏನ್ರಿ ಅದರ ಕಥೆ?"

ಬಸ್ಸು ಬಂತು. ಬುಟ್ಟಿ, ಚೀಲದವರೆಲ್ಲ ಬಾಗಿಲಿಗೆ ನುಗ್ಗಿದರು. ನಾನೂ ನುಗ್ಗಿ ಹತ್ತಿ ಕೂತೆ. ಅವನು ಕಿಟಕಿಯವರೆಗೂ ಬಂದು ಇನ್ನೂ ಕಾಯುತ್ತಿದ್ದ, ಕ್ಲಾಸಿನಲ್ಲಿ ಡಿಕ್ಟೇಶನ್ನಿಗೆ ಕಾಯುವ ಹುಡುಗನ ಹಾಗೆ.

ಬಸ್ಸು ಹೊಳೆಯ ಸೇತುವೆ ದಾಟುವಾಗ ನನಗೆ ಹೊಳೆಯಿತು. ಅವ್ವ ಹೋದ ಮೇಲೆ ಆ ಕಥೆ ಏನೆಂದು ನನ್ನನ್ನು ಕೇಳಿದವನು ಅವನೊಬ್ಬನೇ. ಆ ಕಿಟಕಿಯಲ್ಲಿ ಅವನ ಮುಖ ಕಂಡಾಗ, "ಒಬ್ಬ ವಿಧವೆ ಇದ್ದಳು, ಅವಳ ಹತ್ತಿರ ಒಂದು ಹೊಲಿಗೆ ಮಷೀನಿತ್ತು," ಎಂದು ಕಥೆ ಶುರುಮಾಡಲು ನನ್ನ ನಾಲಿಗೆ ತುದಿಗೆ ಬಂದುಬಿಟ್ಟಿತ್ತು. ನನಗೆ ಎಲ್ಲಕ್ಕಿಂತ ಹೇಸಿಗೆಯಾಗಿದ್ದು ಅದಕ್ಕೆ.