ಗುರುಪಾದಪ್ಪನವರಿಗೆ ಬರೆದ ಉತ್ತರ

ಮೊನ್ನೆ ಧಾರವಾಡದ ಒಂದು ಸಭೆಯಲ್ಲಿ ಸನ್ಮಾನಿತರ ಹೆಸರು ಓದುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಪ್ರತಿ ಹೆಸರಿಗೂ ಕೋಟಿನ ಗುಂಡಿ ಹಾಕುವುದು, ಹೆಸರು ತಮ್ಮದಲ್ಲವೆಂದು ತಿಳಿದೊಡನೆ ಬಿಚ್ಚುವುದು ಮಾಡುತ್ತಿದ್ದರು. ಕೊನೆಯ ಹೆಸರೂ ಮುಗಿಯಿತು. ಅವರು ಗುಂಡಿ ಬಿಚ್ಚಿಕೊಂಡೇ ಎದ್ದುಹೋದರು. ನನಗೆ ನಗು ಬಂದದ್ದು ನಿಜ. ನೀವು ಅಲ್ಲಿದ್ದರೆ ನೀವೂ ನಗುತ್ತಿದ್ದಿರಿ. ಆದರೆ ನಗು ತುಟಿಯವರೆಗೆ ಬಂದು ನಿಂತಿತು. ಅಂಥದೇ ಒಂದು ಹೊತ್ತಿನಲ್ಲಿ ಗುರುಪಾದಪ್ಪನವರ ಮುಖ ಹೇಗಾಗಿತ್ತೆಂಬುದು ನೆನಪಾಯಿತು. ಆ ಮುಖ ಹಾಗಾಗಲು ಕಾರಣ ನಾನೇ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹುಬ್ಬಳ್ಳಿಯಲ್ಲಿ ಕನ್ನಡ ಸಾಲಿಯ ಮಾಸ್ತರ. ಹುಟ್ಟಿದ್ದು ಧಾರವಾಡದಲ್ಲಿ. ಹೀಗಾಗಿ ನನ್ನ ಕನ್ನಡ ಹುಬ್ಬಳ್ಳಿಯವರ ಕನ್ನಡಕ್ಕಿಂತ ಒಂದು ತೂಕ ಹೆಚ್ಚೆಂಬ ಭ್ರಮೆ ನನಗಿತ್ತು. ನಮ್ಮ ಓಣಿಯ ಮಠದವರಿಗೂ ಅದೇ ಭ್ರಮೆ ಇದ್ದುದರಿಂದ, ಸಂಜೆ ಹೋಗಿ ಮಠದ ಕಾಗದ ಪತ್ರ ಬರೆಯುವ ಸೇವೆ ನನ್ನ ಪಾಲಿಗೆ ಬಂದಿತ್ತು. ಮಠದ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಮಾತು ಕಡಿಮೆ, ಕಣ್ಣಲ್ಲಿ ನಗು ಹೆಚ್ಚು.

ಶ್ರಾವಣ ಬಂದರೆ ಮಠದಲ್ಲಿ ತಿಂಗಳಿಡೀ ಪುರಾಣ. ದಿನಾ ಸಂಜೆ ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಆಮೇಲೆ ದಾಸೋಹದ ಊಟ. ಕೊನೆಯ ದಿನ ಪುರಾಣ ಮಂಗಲ. ಅಂದು ಪುರಾಣದ ಹೊತ್ತಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಒಬ್ಬ ಭಕ್ತನ ತಲೆಯ ಮೇಲಿಟ್ಟು, ಭಜನೆಯೊಂದಿಗೆ ಓಣಿ ಓಣಿ ಮೆರೆಸುತ್ತಿದ್ದರು. ಹೊರುವವನು ಬೆಳಗಿನಿಂದ ಉಪವಾಸ, ಬರಿಗಾಲು. ಮನೆ ಮನೆಯ ಮುಂದೆ ಹೆಣ್ಣುಮಕ್ಕಳು ಅವನ ಕಾಲಿಗೆ ನೀರು ಹಾಕಿ, ಹೊತ್ತಿಗೆಗೆ ಆರತಿ ಬೆಳಗುವರು. ತಿರುಗಿ ಬಂದಮೇಲೆ ಅಜ್ಜಾರು ಅವನಿಗೆ ವಿಭೂತಿ ಹಚ್ಚಿ, ಶಾಲು ಹೊದಿಸಿ, ಮೊದಲ ಪ್ರಸಾದ ಕೊಡುವರು. ಓಣಿಯಲ್ಲಿ ಅದಕ್ಕಿಂತ ದೊಡ್ಡ ಮಾನವಿರಲಿಲ್ಲ.

ಒಂಬತ್ತು ವರ್ಷ ಆ ಮಾನ ಗುರುಪಾದಪ್ಪನವರದು. ಅರಳೆ ವ್ಯಾಪಾರಿ. ಆರಡಿ ಎತ್ತರ, ದನಿಯೂ ಅಷ್ಟೇ ಎತ್ತರ. ಹಣವಂತರೆಂದು ಅವರಿಗೆ ಸಿಕ್ಕ ಮಾನವಲ್ಲ ಅದು. ಪ್ರತಿ ಆಷಾಢದಲ್ಲಿ ಮಳೆ ಬಿಡುವು ಕೊಟ್ಟ ದಿನ ಅಂಗಡಿ ಬಿಟ್ಟು ಬಂದು, ಹೊತ್ತಿಗೆಯ ಕಟ್ಟು ಬಿಚ್ಚಿ, ಹಾಳೆ ಹಾಳೆಯನ್ನೂ ಎಳೆಬಿಸಿಲಿಗೆ ಹಿಡಿದು, ನವಿಲುಗರಿಯಿಂದ ಧೂಳು ಕೊಡವಿ, ಹುಳ ಹತ್ತದಂತೆ ಬಜೆಯ ಬೇರಿಟ್ಟು ಮತ್ತೆ ಕಟ್ಟುವವರು ಅವರೇ. ಆ ಹೊತ್ತಿನಲ್ಲಿ ಆ ದೊಡ್ಡ ದನಿಯ ಮನುಷ್ಯ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು.

ಆ ವರ್ಷ ಮಂಗಲಕ್ಕೆ ಎಂಟು ದಿನ ಮೊದಲು ಮಠದ ಹಿರಿಯರು ಕೂಡಿದರು. ರೈಲ್ವೆ ಕಾರ್ಖಾನೆಯಲ್ಲಿ ದುಡಿಯುವ ಯಲ್ಲಪ್ಪ ಎಷ್ಟೋ ವರ್ಷಗಳಿಂದ ಪಾಳಿ ಮುಗಿಸಿ ಬಂದು ದಾಸೋಹಕ್ಕೆ ಬಾವಿಯಿಂದ ನೀರು ಸೇದುತ್ತಿದ್ದ. “ಹೊತ್ತಿಗಿ ಒಂದ ತಲಿ ಮ್ಯಾಲೆ ಕುಂತ್ರ ಅದು ಆ ಮನಿದು ಆಗ್ತದ. ಈ ವರ್ಷ ಯಲ್ಲಪ್ಪ ಹೊರಲಿ” ಎಂದರು ಅಜ್ಜಾರು. ಎಲ್ಲರೂ ಒಪ್ಪಿದರು. ಏಳುವಾಗ ನನ್ನ ಕಡೆ ತಿರುಗಿ, “ಮಾಸ್ತರ, ಗುರುಪಾದಪ್ಪಗ ನೀವು ಮೊದಲ ಒಂದು ಮಾತು ಹೇಳ್ರಿ” ಎಂದರು.

ಹೇಳಲು ಅವರ ಅಂಗಡಿಗೆ ಹೋದೆ. ಎರಡು ಸಲ ಹೋದೆ. ಮೊದಲ ಸಲ ಅವರು ಚಹಾ ತರಿಸಿದರು, ಕುಡಿದು ಮಳೆಯ ಸುದ್ದಿ ಮಾತಾಡಿ ಬಂದೆ. ಎರಡನೆಯ ಸಲ ಅವರು ಮಂಗಲಕ್ಕೆಂದು ತಂದ ಹೊಸ ಧೋತರ ಬಿಚ್ಚಿ, “ಅಂಚು ಛಲೋ ಅದ ಅಲ್ಲರಿ?” ಎಂದು ಕೇಳಿದರು. “ಭಾಳ ಛಲೋ ಅದರಿ” ಎಂದೆ. ಅಷ್ಟೇ. ನಾನು ಹೇಳಿರಬೇಕೆಂದು ತಿಳಿದು ಉಳಿದವರು ಅವರ ಬಳಿ ಆ ಮಾತು ಎತ್ತಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆ ಮಂಗಲದ ದಿನವೇ ಆಗಿಬಿಟ್ಟಿತು.

ಅಂದು ಗುರುಪಾದಪ್ಪನವರು ಹೆಂಡತಿ ಮಕ್ಕಳೊಂದಿಗೆ, ಉಪವಾಸವಿದ್ದು, ಬರಿಗಾಲಿನಲ್ಲಿ ಬಂದರು. ತಲೆಯ ಮೇಲಿಡುವ ಬಟ್ಟೆಯ ಸಿಂಬಿ ಕೈಯಲ್ಲೇ ಇತ್ತು. ಗದ್ದಿಗೆಯ ಮುಂದೆ ಹೋಗಿ ತಲೆ ಬಾಗಿಸುವಷ್ಟರಲ್ಲಿ, “ಯಲ್ಲಪ್ಪ, ಬಾಪಾ ಮುಂದ” ಎಂದು ಹಿರಿಯರೊಬ್ಬರು ಕರೆದರು. ಓಣಿಗೆ ಓಣಿಯೇ ನೋಡುತ್ತಿತ್ತು. ಗುರುಪಾದಪ್ಪನವರು ಯಲ್ಲಪ್ಪನನ್ನು ನೋಡಿದರು, ತಮ್ಮ ಕೈಯ ಸಿಂಬಿ ನೋಡಿಕೊಂಡರು. ಗದ್ದಿಗೆಗೆ ಕೈಮುಗಿದು, ಮನೆಯವರನ್ನು ಕರೆದುಕೊಂಡು ನಡೆದುಬಿಟ್ಟರು. ನಾನು ಕಂಬದ ಹಿಂದೆ ನಿಂತು, ಎಂದೂ ಇಲ್ಲದ ಭಕ್ತಿಯಿಂದ ಭಜನೆಯ ತಾಳ ಹಾಕುತ್ತಿದ್ದೆ.

ಮೂರನೆಯ ದಿನ ಅವರ ಕಾಗದ ಬಂತು. “ಒಂಬತ್ತು ವರ್ಷ ಹೊತ್ತ ತಲೆಗೆ ಈ ವರ್ಷ ಏನು ಮೈಲಿಗೆ ತಟ್ಟಿತ್ತೆಂಬುದನ್ನು ತಿಳಿಸಬೇಕು. ತಿಳಿಸುವವರೆಗೆ ನಾನು ಮಠದ ಮೆಟ್ಟಿಲು ಹತ್ತುವುದಿಲ್ಲ.” ಕೆಳಗೆ ಸಹಿ. ಶರಣಾರ್ಥಿ ಕೂಡ ಇರಲಿಲ್ಲ.

ಅಜ್ಜಾರು ಓದಿಸಿ ಕೇಳಿ, “ಉತ್ತರಾ ಬರೀರಿ ಮಾಸ್ತರ” ಎಂದರು.

ನಾನು ಧಾರವಾಡದ ಕನ್ನಡವನ್ನೆಲ್ಲ ಹೊರಗೆ ತೆಗೆದೆ. ನಿಜವಾದ ಭಕ್ತ ಮಾನಾಪಮಾನ ಎಣಿಸಬಾರದು, ಸೇವೆಯೇ ಸೇವೆಯ ಫಲ, ಅಹಂಕಾರ ಅಳಿದಲ್ಲದೆ ಶಿವನು ಒಲಿಯನು ಎಂದೆಲ್ಲ ಎರಡು ಪುಟ. ಅಜ್ಜಾರು ಕಣ್ಣು ಮುಚ್ಚಿ ಕೇಳಿದರು.

“ಹಸಿದು ಬಂದಾಂವಗ ಉಂಡಾಂವ ಉಪವಾಸದ ಪುಣ್ಯಾ ಹೇಳಿದಂಗ ಆತಲ್ಲರಿ. ಆ ಮನಿಶಾ ಕೇಳಿದ್ದು ಒಂದು ಪ್ರಶ್ನೆ. ನೀವು ಕೊಟ್ಟದ್ದು ಪುರಾಣ. ಪುರಾಣ ಒಂದ ತಿಂಗಳಾ ಆಗೇದ, ಸಾಕು.”

ಮರುದಿನ ಎರಡನೆಯದು ಬರೆದೆ. ಗದ್ದಲದಲ್ಲಿ ಕಣ್ತಪ್ಪಿ, ನಜರಚೂಕಿನಿಂದ ತಮ್ಮ ಹೆಸರು ತಪ್ಪಿಹೋಯಿತು, ಮನ್ನಿಸಬೇಕು ಎಂದು. ಸಣ್ಣದು, ವಿನಯದ್ದು. ಇದು ದಾಟೀತು ಅಂದುಕೊಂಡೆ.

“ನಜರಚೂಕೇನು?” ಎಂದರು ಅಜ್ಜಾರು. “ನಾವು ತಿಳಿದು ಯಲ್ಲಪ್ಪನ್ನ ಕರದೀವಿ. ಇದು ಚೂಕು ಅಂತ ಬರದ್ರ ಯಲ್ಲಪ್ಪಗ ಸಿಕ್ಕ ಮಾನಾನೂ ಚೂಕಿಲೆ ಸಿಕ್ಕಂಗ ಆಗ್ತದ. ಒಬ್ಬರ ಕಣ್ಣೀರು ಒರಸಾಕ ಇನ್ನೊಬ್ಬರ ಶಾಲು ಕಸಗೊಳ್ಳಬಾರದು.”

ಮೂರನೆಯದರಲ್ಲಿ, ಮುಂದಿನ ವರ್ಷ ಹೊತ್ತಿಗೆ ಹೊರುವ ಸೇವೆ ಖಂಡಿತ ತಮ್ಮದೇ ಎಂದು ಬರೆದು, ಜೊತೆಗೆ ಶಾಲೊಂದನ್ನು ಕಳಿಸೋಣವೇ ಎಂದೂ ಕೇಳಿದೆ. ಅಜ್ಜಾರು ಜೋರಾಗಿ ನಕ್ಕರು. “ಅವರೇನು ಶಾಲು ಇಲ್ಲದ ಥಂಡಿ ಹತ್ತಿ ಅಳಾಕತ್ತಾರೇನು? ಬಾಯಿ ಮುಚ್ಚಸಾಕ ಕಳಿಸಿದ್ರು ಅಂತಾರ. ಮುಂದಿನ ವರ್ಷದ್ದು ಮುಂದಿನ ವರ್ಷದ ಹಿರಿಯಾರು ಕೂಡಿ ನೋಡ್ತಾರ, ಇವತ್ತ ಕೊಡಾಕ ಅದು ನಮ್ಮ ಕೈಯಾಗ ಇಲ್ಲ.” ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಕೇಳಿದರು. “ಖರೇ ಹೇಳ್ರಿ ಮಾಸ್ತರ, ಅವರಿಗೆ ನೋವಾದದ್ದು ಯಲ್ಲಪ್ಪ ಹೊತ್ತದ್ದಕ್ಕೋ, ಮೊದಲ ಯಾರೂ ಹೇಳದ್ದಕ್ಕೋ?”

ನನ್ನ ಬಾಯಿ ಒಣಗಿತು. ಎರಡು ಸಲ ಹೋದದ್ದು, ಚಹಾ ಕುಡಿದದ್ದು, ಧೋತರದ ಅಂಚು ಹೊಗಳಿದ್ದು ಎಲ್ಲವನ್ನೂ ಹೇಳಿಬಿಟ್ಟೆ. ಬಯ್ಯುವರು ಅಂದುಕೊಂಡಿದ್ದೆ.

“ಹಂಗಾರ ಕಾಗದದ ಮೊದಲನೇ ಸಾಲು ಸಿಕ್ಕಿತು” ಎಂದರು. “ಸಹಿ ನಿಮ್ಮದ ಇರಲಿ. ನಾ ಸಹಿ ಮಾಡಿದ್ರ ಅದು ಅಪ್ಪಣಿ ಆಗ್ತದ, ಪಾಪ, ಅವರು ತಿರುಗಿ ಬೈಯಾಕೂ ಆಗೂದಿಲ್ಲ. ಅಂಗಡಿಗೆ ಕಳಿಸಬ್ಯಾಡ್ರಿ, ನಾಕು ಮಂದಿ ಓದ್ತಾರ. ಮನಿಗೆ ಹೋಗಿ ಕೈಯಾಗ ಕೊಡ್ರಿ.”

ನಾಲ್ಕನೆಯದು ಹೀಗಿತ್ತು. ನನಗೆ ಇಂದಿಗೂ ಬಾಯಿಪಾಠ.

“ಶಿವಭಕ್ತಿಸಂಪನ್ನ ಗುರುಪಾದಪ್ಪನವರಿಗೆ ಶರಣು ಶರಣಾರ್ಥಿ. ಈ ವರ್ಷ ಹೊತ್ತಿಗೆಯನ್ನು ಯಲ್ಲಪ್ಪನವರು ಹೊರಬೇಕೆಂದು ಹಿರಿಯರು ಎಂಟು ದಿನ ಮೊದಲೇ ನಿಶ್ಚಯಿಸಿದ್ದರು. ಅದನ್ನು ತಮಗೆ ತಿಳಿಸುವ ಕೆಲಸ ನನ್ನದಾಗಿತ್ತು. ಧೈರ್ಯ ಸಾಲದೆ ನಾನು ತಿಳಿಸಲಿಲ್ಲ. ತಾವು ಮನೆಯವರೊಂದಿಗೆ ಬಂದು ಎಲ್ಲರೆದುರು ಹಾಗೆ ನಿಲ್ಲಬೇಕಾದದ್ದು ನನ್ನಿಂದ. ಅದಕ್ಕೆ ಕ್ಷಮೆ ಕೇಳುತ್ತೇನೆ. ಯಲ್ಲಪ್ಪನವರನ್ನು ಆರಿಸಿದ್ದು ತಪ್ಪಲ್ಲ, ಅದಕ್ಕೆ ಕ್ಷಮೆ ಕೇಳಲಾರೆ. ತಾವೂ ಅದನ್ನು ಬಯಸಲಾರಿರಿ. ತಾವು ಕೇಳಿದ ಪ್ರಶ್ನೆಗೆ ಉತ್ತರ: ತಮ್ಮ ತಲೆಗೆ ಯಾವ ಮೈಲಿಗೆಯೂ ತಟ್ಟಿಲ್ಲ. ಒಂಬತ್ತು ವರ್ಷ ತಾವು ಹೊತ್ತದ್ದನ್ನೂ, ಪ್ರತಿ ಆಷಾಢದಲ್ಲಿ ಹಾಳೆ ಹಾಳೆ ಕಾಯ್ದದ್ದನ್ನೂ ಮಠ ಮರೆತಿಲ್ಲ. ಮಠದ ಬಾಗಿಲು ಎಂದಿನಂತೆ ತೆರೆದಿದೆ. ಬರುವುದು ತಮ್ಮ ಮನಸ್ಸು.”

ಕೊನೆಗೆ ಅಜ್ಜಾರು ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು: “ನೀವು ಊಟ ಮಾಡದೆ ಹೋದದ್ದು ನಮಗೆ ನೆನಪಿದೆ.”

ಮನೆಗೆ ಹೋಗಿ ಕೊಟ್ಟೆ. ಗುರುಪಾದಪ್ಪನವರು ತೆಗೆದುಕೊಂಡರು, ಒಳಗೆ ಕರೆಯಲಿಲ್ಲ. ಐದು ದಿನ ಏನೂ ಸುದ್ದಿಯಿಲ್ಲ. ಆರನೆಯ ದಿನ ಮುಂಜಾನೆ ನನ್ನ ಮನೆಯ ಬಾಗಿಲಲ್ಲಿ ಆ ಎತ್ತರದ ದನಿ.

“ಮಾಸ್ತರ! ಅದೀರೇನು?”

ನನ್ನ ಹೆಂಡತಿ ಚಾಪೆ ಹಾಸಿದಳು. ಅವರು ಕುಳಿತು, ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಎರಡು ಸಲ ಅಂಗಡಿಗೆ ಬಂದು ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ರಿ. ಇವರ ಹೊಟ್ಟಿ ಕೆಟ್ಟದ ಅಂತ ತಿಳದಿದ್ದೆ ನಾ.”

“ತಪ್ಪಾತ್ರಿ.”

“ತಪ್ಪ ಆತು ಬಿಡ್ರಿ. ನೀವು ಅವತ್ತ ಹೇಳಿದ್ರ ಏನಾಗತಿತ್ತು ಗೊತ್ತದೇನು? ನಾ ಸಿಟ್ಟಾಗತಿದ್ದೆ. ಒದರಾಡತಿದ್ದೆ. ಆಮ್ಯಾಲೆ ಮಂಗಲದ ದಿನ ಹಿಂದ ನಿಂತು ಬರತಿದ್ದೆ. ಸಿಟ್ಟಾಗಾಕ ನನಗ ಎಂಟು ದಿನಾ ಬೇಕಾಗಿತ್ರಿ ಮಾಸ್ತರ. ನೀವು ಒಂದು ಕ್ಷಣಾನೂ ಕೊಡಲಿಲ್ಲ.” ಕಾಗದ ಬಿಚ್ಚಿ ಒಂದು ಸಾಲಿನ ಮೇಲೆ ಬೆರಳಿಟ್ಟು, “‘ತಾವೂ ಬಯಸಲಾರಿರಿ’ ಅಂತ ಬರದೀರಲ್ಲ, ಅಲ್ಲಿ ಸೋತೆ. ಬಯಸಿದ್ದೆ ನಾನು. ಓದಿದ ಮ್ಯಾಲೆ ಬಯಸಾಕ ಆಗಲಿಲ್ಲ” ಎಂದು ನಕ್ಕರು.

ಅಂದು ಸಂಜೆ ಮಠಕ್ಕೆ ಬಂದರು. ಅಜ್ಜಾರು “ಮೊದಲ ಊಟಾ ಮಾಡ್ರಿ” ಎಂದರಷ್ಟೇ. ಪಂಕ್ತಿಯಲ್ಲಿ ನೀರು ಬಡಿಸುತ್ತ ಬಂದ ಯಲ್ಲಪ್ಪ ಇವರ ಮುಂದೆ ತಡವರಿಸಿ ನಿಂತ. ಗುರುಪಾದಪ್ಪನವರು ತಲೆಯೆತ್ತಿ ಅವನ ಕುತ್ತಿಗೆ ನೋಡಿದರು.

“ಕುತಗಿ ನೋವೈತೇನೋ?”

“ಹೌದ್ರಿ ಯಜಮಾನ್ರ, ಇನ್ನೂ ಹೊಳ್ಳಸಾಕ ಬರವಲ್ದು.”

“ಬರೂದಿಲ್ಲ ಮತ್ತ! ಸಿಂಬಿ ಸಡ್ಲ ಸುತ್ತೀದಿ. ದೂರಿಂದ ನೋಡಿದ್ರ ಕಾಣತಿತ್ತು. ಉಂಡ ಮ್ಯಾಲೆ ಬಾ, ತೋರಸ್ತೇನಿ.”

ಅಂದರೆ ಅಂದು ಅವರು ನೇರ ಮನೆಗೆ ಹೋಗಿರಲಿಲ್ಲ. ಎಲ್ಲೋ ಓಣಿಯ ತಿರುವಿನಲ್ಲಿ ನಿಂತು ಹೊತ್ತಿಗೆ ಹೋಗುವುದನ್ನು ನೋಡಿದ್ದರು.

ಮುಂದಿನ ಆಷಾಢದಲ್ಲಿ ಹಾಳೆ ಬಿಸಿಲಿಗೆ ಹಿಡಿಯಲು ಇಬ್ಬರು ಕುಳಿತರು. ನೀರಿನ ಹಗ್ಗ ಜಗ್ಗಿ ಗಟ್ಟಿಯಾದ ಯಲ್ಲಪ್ಪನ ಬೆರಳು ಹಾಳೆ ಮುಟ್ಟಲು ಹೆದರುತ್ತಿದ್ದವು. “ಹರಿಯೂದಿಲ್ಲ, ಹಿಡಿಯೋ” ಎಂದು ಗದರುವ ದನಿ ಓಣಿಯ ತುದಿಗೂ ಕೇಳುತ್ತಿತ್ತು. ಆ ವರ್ಷ ಹಿರಿಯರು ಕೂಡಿದಾಗ ಹೊರುವವರ ಹೆಸರು ಸೂಚಿಸಿದ್ದು ಗುರುಪಾದಪ್ಪನವರೇ, ಅದೂ ಇನ್ನಾರದೋ ಹೆಸರು. ಸಭೆ ಮುಗಿದೊಡನೆ ಯಲ್ಲಪ್ಪನ ಮನೆಗೆ ತಾವೇ ಹೋಗಿ, “ಈ ವರ್ಷ ನೀ ಅಲ್ಲಪಾ” ಎಂದು ಹೇಳಿ ಬಂದರು. ನನ್ನನ್ನು ಕಳಿಸಲಿಲ್ಲ. ಅದರಲ್ಲಿ ಅವರ ಜಾಣತನವಿತ್ತು.

ಅಜ್ಜಾರು ಹೋದರು, ಗುರುಪಾದಪ್ಪನವರೂ ಹೋದರು. ನನ್ನ ಕನ್ನಡದ ತೂಕವೂ ಈಗ ಇಳಿದಿದೆ. ನಾಡಿದ್ದು ನಮ್ಮ ಓಣಿಯ ವಾಚನಾಲಯದ ವಾರ್ಷಿಕೋತ್ಸವ. ಪ್ರಾರ್ಥನೆಯ ಹಾಡನ್ನು ಇಷ್ಟು ವರ್ಷ ಸುಶೀಲಾಬಾಯಿಯವರು ಹಾಡುತ್ತಿದ್ದರು, ಈ ಸಲ ಬೇರೆಯವರಿಗೆ ಕೊಟ್ಟಿದ್ದೇವೆ. ಚೀಟಿ ಬರೆದು ಕಳಿಸಿದರಾಯಿತು ಎಂದು ಕಾರ್ಯದರ್ಶಿಗಳು ಹೇಳಿದರು. ಬೇಡ, ನಾನೇ ಹೋಗುತ್ತೇನೆ ಎಂದಿದ್ದೇನೆ. ಬಾಯಿ ಈಗಲೇ ಒಣಗಿದೆ. ಇನ್ನೂ ಎರಡು ದಿನವಿದೆ, ಅವರಿಗೆ ಸಿಟ್ಟಾಗಲು ಅಷ್ಟು ಸಾಕಾದೀತು. ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದೇನೆ.