ಚಲುವಯ್ಯ ಬರೆದ ಒಂಬೈನೂರು ಮೂಟೆ

ವನಗೂರಿನ ಕಡೆ ಕಲ್ಲುಕೊಪ್ಪಲು ಎಸ್ಟೇಟ್ ಕಂಪನಿಯಲ್ಲಿ ಚಲುವಯ್ಯ ಮೂವತ್ತೊಂದು ವರ್ಷ ರೈಟರ್ ಆಗಿದ್ದ. ಕಾಫಿ ಹಣ್ಣಿನ ತೂಕ, ಆಳುಗಳ ಹಾಜರಿ, ಸ್ಟೋರಿನ ಬೀಗ ಎಲ್ಲ ಅವನ ಕೈಯಲ್ಲೇ. ಅವನ ಕಣ್ಣು ತಪ್ಪಿಸಿ ಒಂದು ಮೂಟೆ ಹೊರಗೆ ಹೋದದ್ದಿಲ್ಲ. ಅಂಥವನ ತಲೆಗೇ ಕಳ್ಳತನ ಕಟ್ಟಲು ಹೊರಟರಲ್ಲ, ಅವರ ಬಾಯಿಗಿಷ್ಟು ಮಣ್ಣು ಹಾಕ!

ಆದದ್ದಿಷ್ಟು. 2002ರ ಮಾರ್ಚ್ ಕೊನೆಯ ದಿನ. ಕಾಫಿ ರೇಟು ನೆಲ ಕಚ್ಚಿತ್ತು. ದಾಸ್ತಾನು ನೋಡಿಯೇ ಬ್ಯಾಂಕಿನವರು ಸಾಲ ಮುಂದುವರಿಸಬೇಕಿತ್ತು. ಸ್ಟೋರಿನಲ್ಲಿ ಇದ್ದದ್ದು ಆರುನೂರ ಅರವತ್ತು ಮೂಟೆ ಹೊಟ್ಟು ಬಿಡಿಸದ ಕಾಫಿ, ಅಂದರೆ ಪಾರ್ಚ್‌ಮೆಂಟ್. ಸಾವ್ಕಾರ್ ರಾಜಶೇಖರ್ ಬಾಗಿಲಲ್ಲೇ ನಿಂತು, "ಒಂಬೈನೂರು ಅಂತ ಬರಿ ಚಲುವಯ್ಯ" ಎಂದರು. ಚಲುವಯ್ಯ ಬರೆದ, ಕೆಳಗೆ ಸಹಿಯನ್ನೂ ಹಾಕಿದ. ಹಳೇ ಆಡಿಟರ್ ಹಾಸನದಿಂದ ಬಂದು, ಬಂಗಲೆಯಲ್ಲಿ ಭರ್ಜರಿ ಊಟ ಮಾಡಿ, ಆ ಪಟ್ಟಿಗೆ ಟಿಕ್ ಹಾಕಿಕೊಂಡು ಹೋದರು. ಸ್ಟೋರಿನ ಕಡೆ ಅವರು ತಲೆ ಹಾಕಿಯೂ ಮಲಗಿದವರಲ್ಲ.

ವಯಸ್ಸಾಯಿತೆಂದು ಅವರು ಬಿಟ್ಟರು. ಕಂಪನಿಯ ಮುಂದಿನ ಸಭೆಯಲ್ಲಿ ಸುಮನಾ ಎಂಬ ಹೊಸ ಆಡಿಟರ್ ನೇಮಕವಾದರು. ಈ ಹೆಂಗಸು ಊಟಕ್ಕೆ ಬರುವ ಪೈಕಿ ಅಲ್ಲ. 2003ರ ಮಾರ್ಚ್ ಕೊನೆಗೆ ತಾವೇ ಸ್ಟೋರಿನಲ್ಲಿ ನಿಂತು ಮೂಟೆ ಎಣಿಸಿದರು. ಹಳೇ ಒಂಬೈನೂರಕ್ಕೆ ಈ ವರ್ಷದ ಬೆಳೆ ಕೂಡಿಸಿ, ಕಳಿಸಿದ್ದನ್ನು ಕಳೆದರೆ ಸರಿಯಾಗಿ ಇನ್ನೂರ ನಲವತ್ತು ಮೂಟೆ ಕಮ್ಮಿ.

ರಾಜಶೇಖರ್ ಮುಖ ಒಂದು ಕ್ಷಣವೂ ಕೆಂಪಾಗಲಿಲ್ಲ. "ಬೀಗ ರೈಟರ್ ಹತ್ರ ಇರೋದು ಮೇಡಂ" ಎಂದುಬಿಟ್ಟರು.

ಸಂಜೆಯೊಳಗೆ ಆಳುಗಳ ಲೈನುಮನೆಗಳಲ್ಲೆಲ್ಲ ಗುಸುಗುಸು. ಹೆಂಡತಿ ಗಂಗಾಮಣಿ ನೀರಿಗೆ ಹೋದವಳು ಬರಿಗೊಡ ಹಿಡಿದು ವಾಪಸ್ ಬಂದಳು. "ನೀವು ಬಾಯಿ ಬಿಡ್ತೀರೋ, ನಾನೇ ಹೋಗಿ ಹೇಳ್ಲೋ?" ಎಂದಳು. ಕೆಲಸ ಹೋಗಲಿ, ಕಳ್ಳ ಅನ್ನಿಸಿಕೊಂಡು ಈ ಗೇಟು ದಾಟಲಾರೆ ಅನ್ನುವುದೊಂದೇ ಚಲುವಯ್ಯನ ಹಟ.

ಸುಮನಾ ಮಾತ್ರ ಯಾರ ಗುಸುಗುಸುವನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಪ್ರಶ್ನೆ ಬೇರೆ: ವರ್ಷದ ಮೊದಲಿಗೆ ಒಂಬೈನೂರು ಮೂಟೆ ನಿಜವಾಗಿ ಇತ್ತೇ? ಹೋದ ವರ್ಷದ ಲೆಕ್ಕಪತ್ರದಲ್ಲೂ ಈ ವರ್ಷದ ಪುಸ್ತಕದಲ್ಲೂ ಅದೇ ಅಂಕಿ ಇತ್ತು, ನಿಜ. ಆದರೆ ಅಂಕಿ ತಾಳೆಯಾದ ಮಾತ್ರಕ್ಕೆ ಮೂಟೆ ಇತ್ತು ಎಂದಾಗುವುದಿಲ್ಲವಲ್ಲ. ಹಳೇ ಆಡಿಟರಿಗೆ ಕಾಗದ ಬರೆದರು. ತಮ್ಮ ಕೆಲಸದ ಕಾಗದ ತೋರಿಸಲು ಅವರು ಒಪ್ಪಲಿಲ್ಲ. ಪಟ್ಟಿಗೆ ರೈಟರ ಸಹಿ ಇತ್ತು ಎಂದಷ್ಟೇ ಉತ್ತರ.

"ಮಳೆ ಹಿಡಿಯೋಕೆ ಮುಂಚೆ ಸ್ಟೋರ್ ಖಾಲಿ ಮಾಡಿ ಸುಣ್ಣ ಹೊಡಿತೀವಿ ಮೇಡಂ" ಎಂದ ಚಲುವಯ್ಯ. "ಪ್ರತಿ ವರ್ಷ ಹಂಗೇ."

ಸುಮನಾ 2002ರ ಏಪ್ರಿಲ್, ಮೇ ತಿಂಗಳ ರಸೀದಿಗಳನ್ನು, ಕಾಫಿಯ ಹೊಟ್ಟು ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ನವರಿಗೆ ಬರೆದು, ನೇರ ಅಲ್ಲಿಂದಲೇ ತರಿಸಿದರು. ಹೋದದ್ದು ಆರುನೂರ ಅರವತ್ತು. ಹಾಗಾದರೆ ಉಳಿದವು ಕಳುವಾದವೋ, ಇರಲೇ ಇಲ್ಲವೋ? ಚಲುವಯ್ಯ ಹಣ್ಣು ಕೊಯ್ದ ದಿನದಿನದ ತೂಕದ ಪುಸ್ತಕ, ಕೊಯ್ದವರ ಕೂಲಿ ಪಟ್ಟಿ ತಂದು ಮುಂದಿಟ್ಟ. ಐದು ಕಿಲೋ ಹಣ್ಣಿಗೆ ಹೆಚ್ಚುಕಮ್ಮಿ ಒಂದು ಕಿಲೋ ಪಾರ್ಚ್‌ಮೆಂಟ್. ಆ ಸಲದ ಇಡೀ ಬೆಳೆ ಒಂಬೈನೂರ ಅರವತ್ತು ಮೂಟೆ ಚಿಲ್ಲರೆ. ಅದರಲ್ಲಿ ಮುನ್ನೂರು ಮಾರ್ಚಿಗೆ ಮುಂಚೆಯೇ ಲಾರಿ ಹತ್ತಿತ್ತು. ಇನ್ನೂರ ನಲವತ್ತು ಮೂಟೆ ಗಿಡದಲ್ಲೇ ಬಿಟ್ಟಿರಲಿಲ್ಲ!

"ಕಳ್ಳತನ ಆಗಿಲ್ಲ. ಆರಂಭದ ಶಿಲ್ಕೇ ತಪ್ಪು. ಅದು ತಪ್ಪಾದರೆ ಈ ವರ್ಷದ ಲಾಭನಷ್ಟವೂ ತಪ್ಪು" ಎಂದರು ಸುಮನಾ, ಸಾವ್ಕಾರರಿಗೆ. "ತಿದ್ದಿ, ಟಿಪ್ಪಣಿಯಲ್ಲಿ ತೋರಿಸಿ. ಇಲ್ಲದಿದ್ದರೆ ನನ್ನ ವರದಿಯಲ್ಲಿ ಆಕ್ಷೇಪ ಬರೆಯಬೇಕಾಗುತ್ತೆ."

ಚಲುವಯ್ಯನ ಎದೆ ಹಗುರಾಯಿತು. ಕಣ್ಣಲ್ಲಿ ನೀರೂ ಬಂತು.

"ತಿದ್ದೋಣ ಬಿಡಿ. ರೈಟರ್ ಕೈತಪ್ಪು" ಎಂದರು ರಾಜಶೇಖರ್.

ಸುಮನಾ ಅವನ ಕಡೆ ತಿರುಗಿದರು. "ಬ್ಯಾಂಕಿಗೆ ಬೇರೆಯಾಗಿ ಹೋದ ಪಟ್ಟಿಗೆ ಸಹಿ ಸಾವ್ಕಾರರದು, ನಿಮ್ಮದಲ್ಲ, ಚಲುವಯ್ಯನವರೇ. ಒಂಬೈನೂರು ಅಂತ ಬರೀರಿ ಅಂದದ್ದು ಯಾರು?"

ಒಂದೇ ಮಾತು ಸಾಕಿತ್ತು. ಸಾವ್ಕಾರರು ಎದುರಿಗೇ ಕಾಲು ಮೇಲೆ ಕಾಲು ಹಾಕಿ ಕೂತಿದ್ದರು. ಮೂವತ್ತೊಂದು ವರ್ಷ ಅವರೆದುರು ಹೂಂ ಅಂದ ಬಾಯಿ ಅವನದು. ದರಿದ್ರ ಬಾಯಿ, ಬೇಕಾದಾಗ ಕೈಕೊಟ್ಟಿತು.

"ನಾನೇ ಬರ್ದಿದ್ದು ಮೇಡಂ" ಎಂದ.

ರಾಜಶೇಖರ್ ಬರೆಸಿದ ತಿದ್ದುಪಡಿಯ ಟಿಪ್ಪಣಿಯನ್ನು ಸುಮನಾ ಓದಿದರು. ರೈಟರ ತಪ್ಪು ಎಂಬ ಮಾತನ್ನು ಟಿಪ್ಪಣಿಯಿಂದ ಹೊಡೆದು ಹಾಕಿಸಿದರು. ಅಂಕಿ ತಪ್ಪೆಂಬುದಕ್ಕೆ ತಮ್ಮ ಹತ್ತಿರ ಆಧಾರವಿದೆ, ತಪ್ಪು ಯಾರದೆಂಬುದಕ್ಕಿಲ್ಲ ಎಂದರು. ಅವರ ಕೈಲಾದದ್ದು ಅಷ್ಟು.

ವಾರದಲ್ಲಿ ಕೆಲಸದಿಂದ ತೆಗೆದ ಕಾಗದ ಬಂತು. ಸುಳ್ಳು ದಾಸ್ತಾನು ಬರೆದ ಕಾರಣಕ್ಕೆ ಎಂದಿತ್ತು. ಗಂಗಾಮಣಿ ಸಾಮಾನು ಕಟ್ಟುತ್ತಾ, "ಕಳ್ಳ ಅನ್ನಿಸ್ಕೊಳ್ಲಿಲ್ವಲ್ಲ, ಸಾಕು ಬಿಡಿ" ಎಂದಳು.

"ಕದ್ದೆ ಅಂದಿದ್ರೆ ಸುಳ್ಳು ಅಂತ ಜಗಳಾನಾದ್ರೂ ಆಡ್ಬೋದಿತ್ತು ಕಣೇ" ಎಂದ ಚಲುವಯ್ಯ. "ಇದು ನಿಜ ಐತೆ. ನಾನೇ ಬರ್ದೆ."

ಸ್ಟೋರಿನ ಬಾಗಿಲಲ್ಲಿ ಹೊಸ ರೈಟರಿಗೆ ಬೀಗದ ಕೈ ಕೊಡುವಾಗ ಅವನು ಒಳಗಿನ ಮೂಟೆಗಳನ್ನೆಲ್ಲ ಎಣಿಸಿಕೊಟ್ಟು, ಸಂಖ್ಯೆ ಬರೆದು ಸಹಿ ಹಾಕೆಂದ. ಹೊಸಬ ಬಂಗಲೆಯ ಕಡೆ ನೋಡಿ, "ಸಾವ್ಕಾರ್ರನ್ನ ಒಂದು ಮಾತು ಕೇಳಿ ಬರೀತೀನಿ, ತಡೀರಿ" ಎಂದ.