ಪೆನ್ಸಿಲ್ಲಿನ ‘ಮೇ’, ಪೆನ್ಸಿಲ್ಲಿನ ‘ಕೆ’

ನಾ ಕಂಪ್ಯೂಟರ್ ಸೈನ್ಸಿನ ಇಂಜಿನಿಯರಿಂಗ್ ಮುಗಿಸಿ ಬೈಲಹೊಂಗಲಕ್ಕ ವಾಪಸ್ ಬಂದಾಗ ಕಂಪನಿಗಳೆಲ್ಲಾ ಬಾಗಲಾ ಹಾಕ್ಕೊಂಡು ಕುಂತಿದ್ವು. ನಮ್ಮ ಬ್ಯಾಚಿಗೆ ಕಾಲೇಜಿಗೆ ಒಬ್ಬರೂ ಬರಲಿಲ್ಲ. ಆಫರ್ ಲೆಟರ್ ಕೈಯಾಗ ಇದ್ದ ಹಿಂದಿನ ಬ್ಯಾಚಿನವರನ್ನೇ ‘ಈಗ ಬ್ಯಾಡ, ತಡೀರಿ’ ಅಂದಿದ್ರು. ಓಣ್ಯಾಗ ಒಂದ ಪ್ರಶ್ನಿ: ‘ನೌಕರಿ ಹತ್ತಿತೇನವಾ?’ ಹತ್ತಿದ್ರ ನಿಮ್ಮ ಕಣ್ಣ ಮುಂದ ಹಾಲಿನ ಚೀಲಾ ಹಿಡಕೊಂಡು ತಿರಗತಿದ್ದೆನೇನ್ರಿ ಅಂತ ಬಾಯಿ ತುದಿಗೆ ಬರತಿತ್ತು. ಅಮ್ಮಿ ಕಣ್ಣ ಬಿಡತಿದ್ಲು, ಸುಮ್ಮನಾಗತಿದ್ದೆ.

ಅಬ್ಬಾ ಟೆಂಪೋ ಓಡಸತಿದ್ರು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಅವರ ಲೈನು. ಒಂದಿನ ಊಟಕ್ಕ ಕುಂತಾಗ ಅಂದ್ರು, ‘ನೌಕರಿ ಕೊಡವ್ರು ಇಲ್ಲಂದ್ರ ಕೆಲಸಾ ಕೊಡವ್ರನ್ನ ಹುಡುಕು. ಎರಡೂ ಬ್ಯಾರೆ ಬ್ಯಾರೆ.’

ಆ ಮಾತು ತಲ್ಯಾಗ ಕುಂತಿತು. ಹುಬ್ಬಳ್ಳಿಯಿಂದ ಒಂದು ಹಳೇ ಕಂಪ್ಯೂಟರ್ ತರಿಸಿಕೊಂಡೆ. ಕಿತ್ತೂರಾಗ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ್ಯಾಗ ಹುಡುಗರಿಗೆ ಪ್ರೋಗ್ರಾಮಿಂಗ್ ಕಲಸತೇನಿ ಅಂತ ಬೋರ್ಡ್ ಹಾಕಿಸಿದೆ, ಬಂದವರು ಮೂರ ಮಂದಿ, ಅದರಾಗ ಇಬ್ಬರು ಗೇಮ್ ಆಡ್ಲಿಕ್ಕೆ ಬಂದವರು. ಸಾಲಿಗಳಿಗೆ ಮಾರ್ಕ್ಸ್ ಕಾರ್ಡ್ ಮಾಡಿ ಕೊಡತೇನಿ ಅಂದೆ. ‘ವರ್ಷಕ್ಕ ಒಮ್ಮೆ ಕೆಲಸಾ, ಅದಕ್ಕ್ಯಾಕ ಯಂತ್ರಾ’ ಅಂದ್ರು. ಖರೇನ ಅದು. ವರ್ಷಕ್ಕ ಒಮ್ಮೆ ಬೇಕಾಗೋ ಸೇವೆಯಿಂದ ಯಾರ ಹೊಟ್ಟಿನೂ ತುಂಬಂಗಿಲ್ಲ. ದಿನಾ ತೆರೆಯೋ ರಜಿಸ್ಟರ್ ಎಲ್ಲಿ ಐತಿ, ಅದನ್ನ ಹುಡುಕಾಕ ಒಬ್ಬರಿಗೆ ಎಷ್ಟ ಹೊತ್ತು ಹತ್ತತೈತಿ, ಅದನ್ನ ನೋಡಕೋತ ತಿರಗಬೇಕು ಅಂತ ಅವಾಗ ತಿಳೀತು.

ಅಂಥಾ ರಜಿಸ್ಟರ್ ನಮ್ಮ ಊರಿನ ಒಂದು ಖಾಸಗಿ ದವಾಖಾನ್ಯಾಗ ಸಿಕ್ತು. ಅಲ್ಲಿ ಪೇಷಂಟ್ ಬಂದ್ರ, ಮೂವತ್ತು ವರ್ಷದಿಂದ ಕಂಪೌಂಡರ್ ಆಗಿದ್ದ ಕಾಕಾ ದಪ್ಪ ದಪ್ಪ ರಜಿಸ್ಟರ್ ತೆಗೆದು ಹಳೇ ಬ್ಯಾನಿ, ಹಳೇ ಔಷಧಾ ಹುಡುಕಿ ಡಾಕ್ಟರ್ ಸಾಹೇಬರ ಮುಂದ ಇಡತಿದ್ರು. ನಾ ಸಾಹೇಬರಿಗೆ ಹೇಳಿದೆ, ‘ನನ್ನ ಕಂಪ್ಯೂಟರ್ ಇಲ್ಲೇ ತಂದಿಡತೇನ್ರಿ. ಹೆಸರು, ಊರು ಹೊಡದ್ರ ಸಾಕ್ರಿ, ಹಳೇದೆಲ್ಲಾ ಒಂದ ಕ್ಷಣದಾಗ ಪರದೆ ಮ್ಯಾಲೆ. ರಜಿಸ್ಟರ್ ನಾನ ಟೈಪ್ ಮಾಡಿ ತುಂಬತೇನಿ. ತಿಂಗಳಿಗೊಮ್ಮೆ ಬಂದು ಫ್ಲಾಪಿಗೆ ಬ್ಯಾಕಪ್ ತೆಗೀತೇನಿ, ಕೆಟ್ರ ರಿಪೇರಿ ನಂದು.’ ಅವರು ಒಂದು ತಿಂಗಳ ಪರೀಕ್ಷಾ ಇಟ್ರು. ‘ರಜಿಸ್ಟರ್ ಇಲ್ಲದನ ಒಂದು ತಿಂಗಳ ನಡೀಬೇಕು. ನಡೀತಂದ್ರ ಕಾಯಂ. ಇಲ್ಲಂದ್ರ ಗಂಟು ಮೂಟಿ ಕಟ್ಟು.’

ರಜಿಸ್ಟರ್ ಹೋದ್ರ ತಾನೂ ಹೋದಂಗ ಅಂತ ಕಾಕಾಗ ಗೊತ್ತಿತ್ತು, ನನಗೂ ಗೊತ್ತಿತ್ತು. ನಾ ಟೈಪ್ ಮಾಡೋ ಮುಂದ ಒಂದೆರಡು ಸಲ ಬಂದು ಹಿಂದ ನಿಂತ್ರು. ‘ಏನರ ಕೇಳೋದಿದ್ರ ಕೇಳವಾ’ ಅಂದ್ರು. ನನಗ ಸೊಕ್ಕು. ‘ಎಲ್ಲಾ ಬರದೈತಲ್ಲರಿ ಕಾಕಾ, ಓದಾಕ ಬರತೈತಿ ನನಗ’ ಅಂದೆ. ಇವತ್ತಿಗೂ ಆ ಮಾತು ನೆನಪಾದ್ರ ನನ್ನ ಕಪಾಳಕ್ಕ ನಾನ ಹೊಡಕೋಬೇಕು ಅನಸತೈತಿ.

ರಜಿಸ್ಟರಿನ ಅಂಚಿಗೆ ಅಲ್ಲಲ್ಲಿ ಪೆನ್ಸಿಲ್ಲಿನ ಗುರುತು ಇದ್ವು. ಕೆಲವಕ್ಕ ‘ಮೇ’, ಕೆಲವಕ್ಕ ‘ಕೆ’, ಅಲ್ಲೊಂದು ಇಲ್ಲೊಂದು ಬ್ಯಾರೆ ಅಕ್ಷರ. ‘ಮೇ’ ಅಂದ್ರ ಮೇ ತಿಂಗಳದಾಗ ಮತ್ತ ಬರ್ರಿ ಅಂದಿರಬೇಕು, ‘ಕೆ’ ಅಂದ್ರ ಇಂಗ್ಲಿಷಿನ ಇನಿಷಿಯಲ್ ಇರಬೇಕು ಅಂತ ತಿಳಕೊಂಡು ಬಿಟ್ಟು ಮುಂದ ಹ್ವಾದೆ. ವಯಸ್ಸಂತೂ ನಂಬೋ ಹಂಗಿರಲಿಲ್ಲ, ಒಬ್ಬನ ಮನಷ್ಯಾ ಒಂದು ವರ್ಷ ನಲವತ್ತು, ಮುಂದಿನ ವರ್ಷ ಮೂವತ್ತೆಂಟು. ಅದಕ್ಕ ಪ್ರೋಗ್ರಾಮಿಗೆ ಒಂದ ನಿಯಮ ಹಾಕಿದ್ದೆ: ಹೆಸರು, ಅಪ್ಪನ ಮೊದಲಕ್ಷರ, ಅಡ್ಡಹೆಸರು, ಊರು ನಾಕೂ ಒಂದ ಇದ್ರ ಅಂವ ಹಳೇ ಪೇಷಂಟ್, ಹಳೇ ಮಾಹಿತಿ ಮ್ಯಾಲೆ ಹೊಸಾದನ್ನ ಬರಿ.

ಪರೀಕ್ಷಾ ಸುರುವಾಗಿ ಎರಡು ವಾರ ಚಲೋ ನಡೀತು. ನನಗ ರೆಕ್ಕಿ ಬಂದ್ವು. ರಾಮದುರ್ಗದಾಗ ಇನ್ನೊಂದು ದವಾಖಾನಿ ಐತಿ, ಅವರಿಗೂ ತೋರಸತೇನಿ ಅಂತ ಸಾಹೇಬರನ್ನ ಕೇಳಿ ಒಂದು ರಜಿಸ್ಟರನ್ನ ಒಂದಿನದ ಮಟ್ಟಿಗೆ ಚೀಲದಾಗ ಹಾಕ್ಕೊಂಡು ಬೆಳಿಗ್ಗೆ ಬಸ್ ಹತ್ತಿದೆ. ಇಷ್ಟು ದಪ್ಪಂದು ಇಷ್ಟ ಸಣ್ಣ ಫ್ಲಾಪ್ಯಾಗ ಕುಂತೈತಿ ಅಂತ ಹೇಳೋ ಹುಮ್ಮಸ್ಸು.

ರಾಮದುರ್ಗದಾಗ ಡಾಕ್ಟರ್ ಇನ್ನೂ ಬಂದಿರಲಿಲ್ಲ. ಅಲ್ಲಿಯ ನರ್ಸ್ ಬಾಯಿ ರಜಿಸ್ಟರ್ ತಿರುವಿ ನೋಡಿ ಕೇಳಿದ್ರು, ‘ಕಂಪ್ಯೂಟರಿನ್ಯಾಗ ಮ್ಯಾಗಿನ ಮನಿ, ಕೆಳಗಿನ ಮನಿ ಎಲ್ಲಿ ಬರೀತೀರಿ?’

‘ಅಂದ್ರ?’

‘ಅಲ್ಲವಾ, ಮೊಮ್ಮಕ್ಕಳಿಗೆ ಅಜ್ಜನ ಹೆಸರು ಇಡತಾರಲ್ಲ. ಅಣ್ಣನ ಮಗಗೂ ಅದ, ತಮ್ಮನ ಮಗಗೂ ಅದ. ಅಡ್ಡಹೆಸರೂ ಒಂದ, ಊರೂ ಒಂದ. ಹೆಂಗ ಗುರುತ ಹಿಡೀಬೇಕು? ಮ್ಯಾಗಿನ ಮನಿಯಾಂವ, ಕೆಳಗಿನ ಮನಿಯಾಂವ ಅನ್ನಬೇಕು. ನೋಡ್ರಿ, ನಿಮ್ಮವರು ಬರದಾರ. ಮೇ. ಕೆ.’

ನಾ ರಜಿಸ್ಟರ್ ಕಡೆ ಬಗ್ಗಿ ನೋಡಿದೆ.

ಆ ಪುಟದಾಗನ ಇದ್ದಾಂವ ದೊಡವಾಡದ ಗೌಡ್ರ ಪೈಕಿ ಒಬ್ಬ ರೈತ. ಹೆಸರಿನ ಮುಂದ ಪೆನ್ಸಿಲ್ಲಿನ ‘ಕೆ’, ಅದರ ಪಕ್ಕದಾಗ ಕೆಂಪು ಶಾಯಿಲೆ ‘ಪೆನ್ಸಿಲಿನ್ ಸೂಜಿ ಆಗಂಗಿಲ್ಲ’. ಹತ್ತು ಪುಟ ಮುಂದ ಅದ ಹೆಸರು, ಅದ ಊರು, ಪೆನ್ಸಿಲ್ಲಿನ ‘ಮೇ’. ಅಲ್ಲಿ ಕೆಂಪು ಇಲ್ಲ. ಅವರಿಬ್ಬರ ಅಪ್ಪಂದಿರ ಮೊದಲಕ್ಷರನೂ ಒಂದ. ನನ್ನ ಜಾಣ ಪ್ರೋಗ್ರಾಮು ಇಬ್ಬರನ್ನೂ ಒಬ್ಬನ್ನ ಮಾಡಿ, ಹಿಂದಿನದರ ಮ್ಯಾಲೆ ಮುಂದಿನದನ್ನ ಬರದು, ಕೆಂಪು ಅಕ್ಷರ ಅಳಿಸಿ ಹಾಕಿತ್ತು. ಈಗ ಆ ಕೆಳಗಿನ ಮನಿಯಾಂವ ಬಂದು ಕುಂತ್ರ ಪರದೆ ಮ್ಯಾಲೆ ಏನೂ ಕಾಣಂಗಿಲ್ಲ. ನೋಡೂಣು ಅಂದ್ರ ಖರೇ ರಜಿಸ್ಟರ್ ನನ್ನ ಚೀಲದಾಗ.

ಎದುರಿಗಿನ ಎಸ್‌ಟಿಡಿ ಬೂತಿಗೆ ಓಡಿ ನಮ್ಮ ದವಾಖಾನಿಗೆ ಫೋನ್ ಹಚ್ಚಿದೆ. ಎಂಗೇಜ್. ಮತ್ತ ಹಚ್ಚಿದೆ, ಎಂಗೇಜ್. ಬೂತಿನವ ಮಾರಿ ನೋಡಾಕತ್ತಿದ್ದ. ಅಷ್ಟರಾಗ ಬೈಲಹೊಂಗಲದ ಬಸ್ ಹೊಂಟಿತ್ತು, ಓಡಿ ಹತ್ತಿದೆ. ರಜಿಸ್ಟರ್ ತೊಡಿ ಮ್ಯಾಲೆ ಇಟ್ಕೊಂಡು ಒಂದೊಂದ ಪುಟ ತಿರುವಿದೆ. ಎಲ್ಲಿ ನೋಡಿದ್ರೂ ಮೇ, ಕೆ, ಮೇ, ಕೆ. ಯಾ ಅಲ್ಲಾಹ್, ಇವತ್ತೊಂದಿನ ಅವನಿಗೆ ಜ್ವರ ಬರದಿರಲಿ. ಅದೊಂದ ಬೇಡಿಕೊಂಡೆ.

ಸವದತ್ತಿಯಾಗ ಬಸ್ ಹತ್ತು ನಿಮಿಷ ನಿಂತಿತು. ಸ್ಟ್ಯಾಂಡಿನ ಬೂತಿನ್ಯಾಗ ಮತ್ತ ಹಚ್ಚಿದೆ. ಈ ಸಲ ರಿಂಗ್ ಆತು. ಎತ್ತಿದವರು ಕಾಕಾ.

‘ಕಾಕಾ, ದೊಡವಾಡದ ಗೌಡ್ರ ಪೈಕಿ ಯಾರರ ಬಂದಾರೇನ್ರಿ?’

‘ಯಾರು, ಮ್ಯಾಗಿನ ಮನಿಯವ್ರೋ ಕೆಳಗಿನ ಮನಿಯವ್ರೋ?’

ಅಷ್ಟ ಸಲೀಸಾಗಿ ಕೇಳಿದ್ರು. ನನಗ ಅಳು ಬಂತು. ‘ಕೆಳಗಿನ ಮನಿಯವ್ರು.’

‘ಬಂದಾನ. ಕಾಲಿಗೆ ಗಾಯಾಗಿ ಕೀವು ತುಂಬೇತಿ, ಮಂಚದ ಮ್ಯಾಲೆ ಮಲಗ್ಯಾನ.’ ದನಿ ಸಣ್ಣದು ಮಾಡಿದ್ರು. ‘ಸಾಹೇಬ್ರು ಪೆನ್ಸಿಲಿನ್ ಸೂಜಿ ಬರದಾರ. ನಾ ಒಲ್ಲೆ ಅಂತ ನಿಂತೇನಿ. ಹ್ವಾದ ಸಲ ಒಗ್ಗತೈತೇನು ನೋಡಾಕ ಹಾಕೋ ಸಣ್ಣ ಪರೀಕ್ಷೆ ಸೂಜಿಗೇ ಅವನ ಮಾರಿ ಉಬ್ಬಿ ಉಸಿರು ಕಟ್ಟಿತ್ತು. ಇವರಿಗೆ ಅದು ನೆನಪಿಲ್ಲ, ಕಂಪ್ಯೂಟರಿನ್ಯಾಗ ಹಂಗೇನೂ ಇಲ್ಲ ಅಂತಾರ. ಅವನ್ನ ಕೇಳಿದ್ರ ಯಾವ ಸೂಜಿ ಅಂತ ಅವಗೇನು ಗೊತ್ತು.’

ಹಿಂದಿಂದ ಸಾಹೇಬರ ದನಿ ಕೇಳತಿತ್ತು. ‘ಯಂತ್ರಾ ಸುಳ್ಳು ಹೇಳತೈತಿ, ನೀ ಖರೇ ಹೇಳತಿ, ಹೌದಿಲ್ಲೋ? ನಿನ್ನ ಕೆಲಸಾ ಹೋಗತೈತಿ ಅಂತ ಹೊಟ್ಟಿಕಿಚ್ಚು ನಿನಗ! ಸರಿ, ಸರಿ ಅತ್ತಾಗ. ಪರೀಕ್ಷೆ ಸೂಜಿ ನಾನ ಮಾಡತೇನಿ.’

ಬ್ಯಾರೆ ಔಷಧಾ ಕೊಡಬಹುದಿತ್ತು. ಕೊಡತಿದ್ರೂ ಏನೋ. ಆದ್ರ ಅವತ್ತು ಅವರಿಗೆ ಹಟ ಏರಿತ್ತು, ಆ ಹಟಕ್ಕ ಎಣ್ಣಿ ಹೊಯ್ದಾಕಿ ನಾನ.

‘ಕಾಕಾ, ಫೋನ್ ಸಾಹೇಬರಿಗೆ ಕೊಡ್ರಿ. ಲಗೂನ ಕೊಡ್ರಿ!’

ಒಂದು ಸುಳ್ಳು ನಾಲಿಗಿ ಮ್ಯಾಲೆ ಕುಂತಿತ್ತು, ಅದನ್ನ ಮುಚ್ಚಿಡಂಗಿಲ್ಲ. ‘ಕರೆಂಟ್ ಹೋಗಿ ಬಂದದ್ದಕ್ಕ ಮಾಹಿತಿ ಕೆಟ್ಟಿರಬೇಕ್ರಿ’ ಅಂದ್ರ ಅವನ ಜೀವಾನೂ ಉಳೀತು, ನನ್ನ ಕೆಲಸಾನೂ ಉಳೀತು. ಯಾರಿಗೆ ತಿಳೀತೈತಿ. ಆದ್ರ ಹಂಗಂದ್ರ ಆ ಯಂತ್ರದಾಗಿನ ಉಳಿದ ಮೇ, ಕೆಗಳೆಲ್ಲಾ ಹಂಗ ಕುಂದರತಿದ್ವು, ನಾಳೆ ಇನ್ನೊಬ್ಬ ಬರತಿದ್ದ.

‘ಸಾಹೇಬ್ರ, ಕಾಕಾ ಖರೇ ಹೇಳತಾರ. ರಜಿಸ್ಟರ್ ನನ್ನ ಕೈಯಾಗ ಐತಿ, ಕೆಂಪು ಶಾಯಿಲೆ ಬರದಾರ. ತಪ್ಪು ಯಂತ್ರದ್ದಲ್ಲರಿ, ನಂದು. ಇಬ್ಬರನ್ನ ಒಬ್ಬರನ್ನ ಮಾಡೇನಿ. ಇವನೊಬ್ಬನ್ನಲ್ಲ, ಬಾಳ ಮಂದೀನ. ಇವತ್ತಿಂದ ಅದನ್ನ ನೋಡಬ್ಯಾಡ್ರಿ.’

ಸಾಹೇಬ್ರು ಫೋನ್ ಇಟ್ರು. ಸೂಜಿ ಮಾಡಿದ್ರೋ ಬಿಟ್ರೋ ಅಂತ ತಿಳೀದನ ಬಸ್ಸಿನ್ಯಾಗ ಒಂದು ತಾಸಿನ ಮ್ಯಾಲೆ ಕುಂತೆ. ಅಷ್ಟು ಉದ್ದ ದಾರಿ ಮತ್ತೆಂದೂ ನೋಡಿಲ್ಲ ನಾ.

ದವಾಖಾನಿ ಮುಟ್ಟಿದಾಗ ಆ ರೈತ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು, ಗುಳಗಿ ಚೀಟಿ ಕೈಯಾಗ ಹಿಡಕೊಂಡು, ಕಟ್ಟಿ ಮ್ಯಾಲೆ ಕುಂತು ಚಾ ಕುಡ್ಯಾಕತ್ತಿದ್ದ. ನನ್ನ ಗುರುತು ಅವನಿಗಿಲ್ಲ. ‘ಬಾಗಲದಾಗ ಯಾಕ ನಿಂತೀವಾ, ಒಳಗ ಪಾಳಿ ಇಲ್ಲ, ಹೋಗು’ ಅಂದ.

ಒಳಗ ಸಾಹೇಬ್ರು ಕಂಪ್ಯೂಟರಿನ ಮ್ಯಾಲೆ ಬಟ್ಟಿ ಹೊಚ್ಚಿದ್ರು. ನನ್ನ ಮಾರಿ ನೋಡದನ ಅಂದ್ರು, ‘ತಗೊಂಡು ಹೋಗು ಇದನ್ನ.’

ನಾ ವೈರ್ ಬಿಚ್ಚಾಕ ಬಗ್ಗಿದೆ. ಕುಂಬಾರಗ ವರುಷ, ದೊಣ್ಣೆಗೆ ನಿಮಿಷ. ಆದ್ರ ದೊಣ್ಣಿ ಹಿಡದಾಕಿನೂ ನಾನ ಇದ್ದೆ, ಯಾರನ್ನ ಬೈಲಿ. ಅವಾಗ ಕಾಕಾ ಹಿಂದಿಂದ ಅಂದ್ರು, ‘ಸಾಹೇಬ್ರ, ಇನ್ನೊಂದು ತಿಂಗಳ ಇರಲಿ ಬಿಡ್ರಿ. ಹುಡಿಗಿ ಫೋನಿನ್ಯಾಗ ಸುಳ್ಳು ಹೇಳಲಿಲ್ಲ. ನಾ ಬರಸತೇನಿ, ಆಕಿ ಬರಕೊಳ್ಳಲಿ. ರಜಿಸ್ಟರ್ ಮಾತ್ರ ಟೇಬಲ್ ಮ್ಯಾಲಿಂದ ಹೋಗೂದು ಬ್ಯಾಡ.’

ತನ್ನ ಹೊಟ್ಟಿ ಮ್ಯಾಲೆ ಹೊಡ್ಯಾಕ ಬಂದಾಕಿ ಪರ ಆ ಮನಷ್ಯಾ ಮಾತಾಡಿದ್ರು. ನನಗ ತಲಿ ಎತ್ತಾಕ ಆಗಲಿಲ್ಲ. ಸಾಹೇಬ್ರು ‘ಹೂಂ’ ಅಂದು ಎದ್ದು ಹ್ವಾದ್ರು.

ಮರದಿನ ಪ್ರೋಗ್ರಾಮಿನ್ಯಾಗ ಪ್ರತಿಯೊಬ್ಬರಿಗೂ ಬ್ಯಾರೆ ನಂಬರ್ ಕೊಟ್ಟೆ, ಹೆಸರು ಒಂದ ಇದ್ರೂ ಯಾರ ಮ್ಯಾಲೂ ಯಾರನ್ನೂ ಬರೀದಂಗ. ‘ಯಾವ ಮನಿ’ ಅಂತ ಒಂದು ಹೊಸ ಕಾಲಮ್ ಹಾಕಿದೆ. ಮೊದಲನೇ ಪುಟದಿಂದ ಕಾಕಾ ಓದಕೋತ ಹ್ವಾದ್ರು, ನಾ ಹೊಡಕೋತ ಹ್ವಾದೆ. ಮೇ ಅಂದ್ರ ಮೇಲಿನ ಮನಿ, ಕೆ ಅಂದ್ರ ಕೆಳಗಿನ ಮನಿ, ಬಾ ಅಂದ್ರ ಬಾವಿ ಕಡೆಯವರು. ಹಿಂಗ ನಮ್ಮ ಓಣಿಯೂ ಬಂತು, ನನ್ನ ಹೆಸರೂ ಬಂತು. ಕಾಲೇಜು ಮುಗಿಸಿ ಊರಿಗೆ ಬಂದ ಹೊಸದರಾಗ ಜ್ವರಕ್ಕ ತೋರಿಸಿಕೊಂಡಿದ್ದೆ. ಅದರ ಅಂಚಿಗೆ ಪೆನ್ಸಿಲ್ಲಿಲೆ ‘ಇಂ’.

‘ಇದೇನ್ರಿ ಕಾಕಾ? ಇಂಜೆಕ್ಷನ್ನಾ?’ ಈ ಸಲ ಕೇಳಿದೆ.

‘ಎಲ್ಲೀ ಇಂಜೆಕ್ಷನ್. ನಿಮ್ಮ ಓಣ್ಯಾಗ ನಿನ್ನ ಹೆಸರಿನಾಕಿ ಇನ್ನೊಬ್ಬಾಕಿ ಅದಾಳಲ್ಲ, ಟೇಲರ್ ಮಗಳು? ಆಕಿಗೆ ಟೇ ಅಂತ ಹಾಕೇನಿ. ನಿನಗ ಇಂಜಿನೇರ್.’

ಓಣಿಯೆಲ್ಲಾ ‘ನೌಕರಿ ಇಲ್ಲದಾಕಿ’ ಅಂತ ಗುರುತ ಹಿಡಿಯೋ ಕಾಲ ಅದು.

‘ಯಾಕ ಕುಂತಿ? ಹೊಡಿ ಮುಂದ’ ಅಂದ್ರು ಕಾಕಾ. ಕಣ್ಣು ಮಂಜಾಗಿ ಕೀ ಕಾಣತಿರಲಿಲ್ಲ. ಎರಡು ಸಲ ತಪ್ಪು ಹೊಡದು, ಮೂರನೇ ಸಲಕ್ಕ ಅದನ್ನ ಸರಿಯಾಗಿ ಬರದೆ.